ಸೆರೆಮನೆಯ ವಿದ್ಯೆ: ಬಿಡುಗಡೆಯ ದಿನ ಕೈಯಲ್ಲಿ ಉಳಿಯುವುದೇನು?

ಠಾಣೆಯ ಮಧ್ಯವರ್ತಿ ಕಾರಾಗೃಹವು ಪೋರ್ತುಗೀಜರು ಕಟ್ಟಲು ತೊಡಗಿದ ಹಳೆಯ ಕೋಟೆಯೊಳಗಿದೆ. ಕಲ್ಯಾಣದ ಜೈಲು ಆಧಾರವಾಡಿಯಲ್ಲಿದೆ. ನವಿ ಮುಂಬಯಿಯ ಕಡೆಯವರಿಗೆ ತಳೋಜಾದ ಹೆಸರು ಗೊತ್ತು. ನಮ್ಮ ವಾಚಕರಲ್ಲಿ ಅನೇಕರು ದಿನವೂ ಕೆಲಸಕ್ಕೆ ಹೋಗುವಾಗ ಈ ಗೋಡೆಗಳ ಹತ್ತಿರದಿಂದಲೇ ಹಾಯ್ದು ಹೋಗುತ್ತಾರೆ. ಒಳಗಿರುವವರಲ್ಲಿ ಕನ್ನಡಿಗರೂ ಉಂಟು. ಕಾರಖಾನೆಯ ಜಗಳ, ಹೋಟೆಲಿನ ಹೊಡೆದಾಟ, ಹಣದ ತಕರಾರು, ಇಲ್ಲವೇ ಇವೆಲ್ಲಕ್ಕಿಂತ ದೊಡ್ಡ ಅಪರಾಧದ ಆರೋಪ ಯಾರನ್ನಾದರೂ ಅಲ್ಲಿಗೆ ಒಯ್ಯಬಹುದು. ಅಂಥವನ ಮನೆಯವರು ವಕೀಲರ ವಿಷಯ ಕೇಳುತ್ತಾರೆ, ಜಾಮೀನಿನ ವಿಷಯ ಕೇಳುತ್ತಾರೆ. ಒಳಗಿರುವ ದಿನಗಳಲ್ಲಿ ಅವನು ಏನು ಕಲಿಯಬಹುದು, ಕಲಿತದ್ದು ಹೊರಗೆ ಬಂದ ಮೇಲೆ ಬೆಲೆ ಬಾಳುವುದೇ ಎಂದು ಕೇಳುವವರು ವಿರಳ. ಈ ಸಲ ಅದೊಂದನ್ನೇ ವಿಚಾರಿಸೋಣ.

ಮೊದಲು ಒಳಗಿರುವವರು ಯಾರೆಂಬುದನ್ನು ತಿಳಿಯಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ನೆಯ ವರ್ಷದ ಲೆಕ್ಕದಂತೆ ದೇಶದ ಜೈಲುಗಳಲ್ಲಿ ಸುಮಾರು 5 ಲಕ್ಷ 73 ಸಾವಿರ ಜನರಿದ್ದರು. ಅವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣೆ ಮುಗಿಯದವರು. ನ್ಯಾಯಾಲಯ ಇನ್ನೂ ಅವರನ್ನು ಅಪರಾಧಿಗಳೆಂದು ಹೇಳಿರಲಿಲ್ಲ. ವಿದ್ಯೆಯ ಲೆಕ್ಕ ನೋಡಿದರೆ, ಸುಮಾರು ನಾಲ್ವರಲ್ಲಿ ಒಬ್ಬನಿಗೆ ಅಕ್ಷರ ಬಾರದು. ಐವರಲ್ಲಿ ಇಬ್ಬರು ಓದುಬರಹ ಬಲ್ಲವರಾದರೂ ಹತ್ತನೆಯ ತರಗತಿಯನ್ನು ಮುಟ್ಟಿದವರಲ್ಲ.

ಸಜೆಯಾದವನಿಗೂ ವಿಚಾರಣಾಧೀನನಿಗೂ ಇರುವ ಈ ಭೇದವೇ ನಮ್ಮ ವಿಷಯದ ಬೀಗದ ಕೈ. ಜೈಲಿನ ಬಡಗಿ ಶಾಲೆ, ಮಗ್ಗ, ಹೊಲಿಗೆ ವಿಭಾಗ, ಬೇಕರಿ ಮುಂತಾದುವು ಮುಖ್ಯವಾಗಿ ಕಠಿಣ ಸಜೆಯಾದವರಿಗಾಗಿ ಏರ್ಪಟ್ಟವು. ಕೆಲಸವು ಅವರ ಶಿಕ್ಷೆಯ ಭಾಗ. ಅವರು ಎಷ್ಟು ವರ್ಷ ಇರುವರೆಂಬುದೂ ಗೊತ್ತು. ವಿಚಾರಣಾಧೀನನ ಸ್ಥಿತಿ ಬೇರೆ. ಅವನು ನಾಳೆಯೇ ಜಾಮೀನಿನ ಮೇಲೆ ಹೋಗಬಹುದು, ಮೂರು ವರ್ಷ ಉಳಿಯಲೂಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಎಂದೂ ಶಿಕ್ಷೆಯಾಗದವನು ತನ್ನ ಮೇಲಿನ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದರೆ ಬಿಡುಗಡೆಗೆ ಅರ್ಹನಾಗುತ್ತಾನೆ. ಇತರರಿಗೆ ಅರ್ಧ ಭಾಗ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದವರಿಗೆ ಈ ಸೌಲಭ್ಯ ಇಲ್ಲ. ಹೀಗಿರಲು, ಎರಡು ವರ್ಷದ ತರಬೇತಿಗೆ ಸೇರಿ ಏಳನೆಯ ತಿಂಗಳಲ್ಲಿ ಹೊರಬಿದ್ದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದುದರಿಂದ ಒಳಗಿರುವವನು ವಿದ್ಯೆಯನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ನಡುವೆಯೇ ಬಿಡುಗಡೆಯಾದರೆ, ಅಷ್ಟರವರೆಗೆ ಕಲಿತದ್ದು ಉಳಿಯುತ್ತದೆಯೇ, ಅಳಿಯುತ್ತದೆಯೇ?

ಉಳಿಯುವ ವಿದ್ಯೆಗೆ ಒಳ್ಳೆಯ ಉದಾಹರಣೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿ. ಎನ್.ಐ.ಒ.ಎಸ್. ಎಂದು ಜನ ಕರೆಯುವ ಈ ಸಂಸ್ಥೆ ಕೇಂದ್ರ ಸರಕಾರದ್ದು. ಇದರ ಪ್ರಮಾಣಪತ್ರಕ್ಕೆ ಇತರ ಬೋರ್ಡುಗಳ ಪ್ರಮಾಣಪತ್ರಕ್ಕಿರುವ ಮಾನ್ಯತೆ ಉಂಟು. ಹದಿನಾಲ್ಕು ವರ್ಷ ತುಂಬಿದ ಯಾರಾದರೂ ಸೇರಬಹುದು. ಎಂಟನೆಯ ತರಗತಿಯ ದಾಖಲೆ ಇಲ್ಲದಿದ್ದರೆ, ಈ ಪಾಠಗಳನ್ನು ಓದಲು ಶಕ್ತನಾಗಿದ್ದೇನೆಂದು ತಾನೇ ಬರೆದುಕೊಟ್ಟರೂ ಆಗುತ್ತದೆ. ಹುಟ್ಟಿದ ದಿನಾಂಕದ ಪುರಾವೆ ಮಾತ್ರ ಬೇಕು. ತೇರ್ಗಡೆಯಾಗಬೇಕಾದುದು ಐದು ವಿಷಯಗಳಲ್ಲಿ. ಪ್ರತಿಯೊಂದಕ್ಕೂ ನೂರಕ್ಕೆ 33 ಅಂಕ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಪರೀಕ್ಷೆ ನಡೆಯುತ್ತದೆ. ಒಮ್ಮೆ ಸೇರಿದರೆ ಆ ನೋಂದಣಿ ಐದು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಐದನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಒಂದು ವಿಷಯದಲ್ಲಿ ತೇರ್ಗಡೆಯಾದರೆ ಅದು ಅವನ ಲೆಕ್ಕಕ್ಕೆ ಜಮೆಯಾಗಿ ಕುಳಿತಿರುತ್ತದೆ. ಜೈಲಿನೊಳಗೆ ಎರಡು, ಹೊರಗೆ ಬಂದು ಮೂರು ಎಂದು ಮುಗಿಸಲು ಅಡ್ಡಿ ಇಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಬಂದು ಡೊಂಬಿವಲಿಯ ಒಂದು ಕಾರಖಾನೆಯಲ್ಲಿ ದುಡಿಯುತ್ತಿದ್ದ ಇಪ್ಪತ್ತಮೂರು ವರ್ಷದ ಹುಡುಗನಿಗೆ ಶರಣಪ್ಪನೆಂದು ಹೆಸರಿಡೋಣ. ಶರಣಪ್ಪ ನಮ್ಮ ಕಲ್ಪನೆಯ ಮನುಷ್ಯ. ಅವನಿಗೆ ಅನ್ವಯಿಸುವ ನಿಯಮಗಳು ಮಾತ್ರ ನಿಜವಾದವು. ಊರಿನ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದ್ದಾನೆ. ಹೊಡೆದಾಟದ ಮೊಕದ್ದಮೆಯಲ್ಲಿ ಮೇ ತಿಂಗಳಲ್ಲಿ ಆಧಾರವಾಡಿಗೆ ಹೋದ. ಅಣ್ಣ ಮುಲಾಖತ್ತಿಗೆ ಹೋದಾಗ ಪರೀಕ್ಷೆಯ ಮಾತು ಎತ್ತಿದ. ಶರಣಪ್ಪ ಜೈಲಿನ ಶಿಕ್ಷಕರ ಮೂಲಕ ಅಧೀಕ್ಷಕರಿಗೆ ಅರ್ಜಿ ಕೊಟ್ಟ. ಅಣ್ಣ ಊರಿನ ಶಾಲೆಯಿಂದ ಹುಟ್ಟಿದ ದಿನಾಂಕವಿರುವ ದಾಖಲೆ ತರಿಸಿ, ಆಧಾರ್ ಚೀಟಿಯ ಪ್ರತಿಯೊಡನೆ ಒಪ್ಪಿಸಿದ. ಜುಲೈ ಮುಗಿಯುವುದರೊಳಗೆ ಹೆಸರು ದಾಖಲಾಯಿತು; ಮರುವರ್ಷದ ಏಪ್ರಿಲಿನಲ್ಲಿ ಮೊದಲ ಪರೀಕ್ಷೆ.

ಇನ್ನು ವಿಷಯಗಳ ಆಯ್ಕೆ. ಇಲ್ಲಿ ಜಾಣತನ ಬೇಕು. ವಿಜ್ಞಾನ, ಗೃಹವಿಜ್ಞಾನಗಳಂಥ ವಿಷಯಗಳಿಗೆ ಪ್ರಯೋಗ ಪರೀಕ್ಷೆ ಉಂಟು. ಜೈಲಿನಲ್ಲಿ ಪ್ರಯೋಗಶಾಲೆಯ ಸೌಕರ್ಯ ಸಿಕ್ಕುವುದು ಕಷ್ಟ. ಆದುದರಿಂದ ಶರಣಪ್ಪ ಪ್ರಯೋಗವಿಲ್ಲದ ಐದನ್ನು ಆರಿಸಿದ: ಕನ್ನಡ, ಹಿಂದಿ, ಸಮಾಜ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಈ ಸಂಸ್ಥೆಯ ಹತ್ತನೆಯ ತರಗತಿಗೆ ಕನ್ನಡವೂ ಒಂದು ಭಾಷಾ ವಿಷಯವಾಗಿ ಉಂಟೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಅದರ ಸಂಕೇತ ಸಂಖ್ಯೆ 208. ಮಹಾರಾಷ್ಟ್ರದ ಜೈಲಿನಲ್ಲಿ ಕಲಿಸುವವರು ಕನ್ನಡದ ಹೆಸರನ್ನೇ ಎತ್ತದೆ ಇರಬಹುದು. ಅದು ಬೇಕೆಂದು ಅರ್ಜಿಯಲ್ಲಿಯೇ ಬರೆಯಬೇಕು. ಉಳಿದ ವಿಷಯಗಳನ್ನು ಹಿಂದಿ ಅಥವಾ ಮರಾಠಿಯಲ್ಲಿ ಬರೆಯಬಹುದು. ಕಾರಖಾನೆಯಲ್ಲಿ ನಾಲ್ಕು ವರ್ಷ ದುಡಿದವನಿಗೆ ಹಿಂದಿ ಮಾತು ಬರುತ್ತದೆ, ಆದರೆ ಬರವಣಿಗೆಗೆ ಕೆಲವು ತಿಂಗಳು ಬೇಕು. ಹೀಗಾಗಿ ಮೊದಲ ಸಲ ಅವನು ಭಾಷೆಗಳೆರಡಕ್ಕೆ ಮಾತ್ರ ಕುಳಿತ. ಎರಡರಲ್ಲಿಯೂ ತೇರ್ಗಡೆಯಾದ.

ಆಗಸ್ಟಿನಲ್ಲಿ ಜಾಮೀನು ಸಿಕ್ಕಿತು. ಸಾಮಾನ್ಯವಾಗಿ ಓದು ನಿಂತುಹೋಗುವುದು ಇದೇ ಹೊತ್ತಿನಲ್ಲಿ. ಜೈಲಿನ ಬಾಗಿಲು ದಾಟುವಾಗ ಬಟ್ಟೆ, ಹಣ, ಫೋನು ನೆನಪಾಗುತ್ತವೆ. ನೋಂದಣಿಯ ಚೀಟಿ ನೆನಪಾಗುವುದಿಲ್ಲ. ಶರಣಪ್ಪನ ಅಣ್ಣ ಆ ನೋಂದಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದ. ಅಕ್ಟೋಬರಿನ ಪರೀಕ್ಷೆಯ ಗಡುವು ತಪ್ಪಿತು, ಏಕೆಂದರೆ ಪ್ರತಿ ಸಲವೂ ಯಾವ ವಿಷಯಕ್ಕೆ ಕೂರುವುದೆಂದು ತಿಂಗಳುಗಳ ಮೊದಲೇ ಹೆಸರು ಹಾಕಿಸಬೇಕು. ಆದರೆ ಆ ಬಿಡುವಿನಲ್ಲಿ ಅವನು ಅಧ್ಯಯನ ಕೇಂದ್ರವನ್ನು ಜೈಲಿನಿಂದ ಹೊರಗಿನ ಕೇಂದ್ರಕ್ಕೆ ಬದಲಾಯಿಸಲು ಅರ್ಜಿ ಹಾಕಿದ. ಮರು ಏಪ್ರಿಲಿನಲ್ಲಿ ಸಮಾಜ ವಿಜ್ಞಾನ ಗೆದ್ದ, ವ್ಯವಹಾರ ಅಧ್ಯಯನ ಸೋತ. ಅಕ್ಟೋಬರಿನಲ್ಲಿ ಅದನ್ನೂ ಅರ್ಥಶಾಸ್ತ್ರವನ್ನೂ ಮುಗಿಸಿದ. ಒಂಬತ್ತು ಅವಕಾಶಗಳಲ್ಲಿ ಅವನು ಬಳಸಿದ್ದು ಮೂರು. ಮೊಕದ್ದಮೆ ಇನ್ನೂ ನಡೆಯುತ್ತಿರಬಹುದು. ಆದರೆ ಹತ್ತನೆಯ ತರಗತಿಯ ಪ್ರಮಾಣಪತ್ರ ಅವನ ಪೆಟ್ಟಿಗೆಯಲ್ಲಿದೆ.

ಈ ದಾರಿಯಲ್ಲಿ ಸಾಮಾನ್ಯವಾಗಿ ಕೆಡುವ ಎರಡು ಸಂಗತಿಗಳನ್ನು ಹೇಳಬೇಕು. ಒಂದು, ಹೆಸರು. ಊರಿನ ಶಾಲೆಯಲ್ಲಿ ತಂದೆಯ ಹೆಸರು, ಮನೆತನದ ಹೆಸರು ಒಂದು ರೀತಿ, ಆಧಾರಿನಲ್ಲಿ ಇನ್ನೊಂದು, ಪೊಲೀಸರು ಬರೆದುಕೊಂಡ ಕಾಗದದಲ್ಲಿ ಮರಾಠಿ ಉಚ್ಚಾರಕ್ಕೆ ತಕ್ಕಂತೆ ಮೂರನೆಯದು. ಜೈಲಿನ ಕಾಗದ ನೋಡಿ ಪರೀಕ್ಷೆಯ ಅರ್ಜಿ ತುಂಬಿದರೆ ಆ ಮೂರನೆಯ ಹೆಸರೇ ಪ್ರಮಾಣಪತ್ರಕ್ಕೆ ಇಳಿಯುತ್ತದೆ. ಕೆಲಸ ಕೇಳಲು ಹೋದಾಗ ಇದು ನಿನ್ನದೇ ಎಂಬುದಕ್ಕೆ ಪುರಾವೆ ಏನು ಎನ್ನುತ್ತಾರೆ. ಅರ್ಜಿ ತುಂಬುವ ದಿನವೇ ಆಧಾರಿನ ಹೆಸರಿನೊಡನೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಇನ್ನೊಂದು, ವರ್ಗಾವಣೆ. ಈ ಭಾಗದ ಜೈಲುಗಳಲ್ಲಿ ಇರಬೇಕಾದುದಕ್ಕಿಂತ ಬಹಳ ಹೆಚ್ಚು ಜನರಿದ್ದಾರೆ. ಕಲ್ಯಾಣದಲ್ಲಿದ್ದವನನ್ನು ತಳೋಜಾಕ್ಕೋ ಬೇರೆ ಜಿಲ್ಲೆಗೋ ಕಳಿಸುವುದುಂಟು. ಆಗ ಪುಸ್ತಕಗಳು ಹಿಂದೆ ಉಳಿಯುತ್ತವೆ, ಪರೀಕ್ಷೆಯ ಪ್ರವೇಶಪತ್ರ ಹಳೆಯ ಜೈಲಿಗೆ ಬರುತ್ತದೆ. ಪರೀಕ್ಷೆ ಹತ್ತಿರವಿದ್ದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಒಂದು ಅರ್ಜಿ ಕೊಡುವುದು ಮೇಲು.

ಓದುವುದು ಬಂದಿಯ ಮೇಲಿನ ದಯೆಯಲ್ಲ, ಅವನ ಹಕ್ಕು ಎಂಬುದಕ್ಕೆ ಹತ್ತಿರದ ಉದಾಹರಣೆಯೇ ಇದೆ. 2024ರ ಸೆಪ್ಟೆಂಬರಿನಲ್ಲಿ ತಳೋಜಾದಲ್ಲಿದ್ದ ಒಬ್ಬ ವಿಚಾರಣಾಧೀನರಿಗೆ ಪ್ರವೇಶ ಪರೀಕ್ಷೆ ಬರೆದು ಮುಂಬಯಿಯ ಕಾನೂನು ಕಾಲೇಜಿನಲ್ಲಿ ಸ್ಥಾನ ದೊರೆತಿತ್ತು. ಸ್ಥಾನ ದೊರೆತ ಮೇಲೂ ಸೇರಗೊಡದಿರುವುದು ಮೂಲಭೂತ ಹಕ್ಕಿಗೆ ಭಂಗವೆಂದು ಹೇಳಿ, ಮುಂಬಯಿ ಉಚ್ಚ ನ್ಯಾಯಾಲಯ ಸೇರಲು ಅನುಮತಿ ಕೊಟ್ಟಿತು.

ಸಜೆಯಾದವನ ಲೆಕ್ಕ ಬೇರೆ. ಅವನಿಗೆ ಕಾಲ ಉಂಟು. ಹತ್ತು, ಹನ್ನೆರಡು ಮುಗಿಸಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಅಥವಾ ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಸೇರಬಹುದು. ಪದವಿ ಮುಗಿಸಿದ ಸಜಾಬಂದಿಗಳಿಗೆ ಮಹಾರಾಷ್ಟ್ರದ ಕಾರಾಗೃಹ ಇಲಾಖೆ 90 ದಿನಗಳ ವಿಶೇಷ ರಿಯಾಯಿತಿ ಕೊಟ್ಟಿರುವುದುಂಟು. ಎಂದರೆ ಮೂರು ತಿಂಗಳು ಮೊದಲೇ ಮನೆ. ಇದು ತಾನಾಗಿ ಬರುವುದಲ್ಲ. ಅಂಕಪಟ್ಟಿ ಕೈಗೆ ಬಂದ ಮೇಲೆ ಜೈಲಿನ ಕಚೇರಿ ಮೇಲಿನವರಿಗೆ ಪ್ರಸ್ತಾವ ಕಳಿಸಬೇಕು. ಅಂಕಪಟ್ಟಿ ಬಂದು ವಾರಗಳಾದರೂ ಪ್ರಸ್ತಾವ ಹೋಗದಿದ್ದರೆ ಮನೆಯವರು ಅಧೀಕ್ಷಕರಿಗೆ ಬರೆದು ಕೇಳಬೇಕು, ಏಕೆಂದರೆ ತಡವಾದ ಒಂದೊಂದು ದಿನವೂ ಸಜೆಯ ಕೊನೆಯಲ್ಲಿರುವವನಿಗೆ ನಷ್ಟವೇ.

ಈಗ ಕೈಕಸಬಿನ ಮಾತು. ಇಲ್ಲಿ ಕೇಳಬೇಕಾದ ಪ್ರಶ್ನೆ, ಕಾಗದಕ್ಕೆ ಯಾರು ಸಹಿ ಮಾಡುತ್ತಾರೆ ಎಂಬುದು. ಮುಕ್ತ ವಿಶ್ವವಿದ್ಯಾಲಯದ ಪದವಿಗೆ ಸಹಿ ಮಾಡುವುದು ವಿಶ್ವವಿದ್ಯಾಲಯ. ಹೊರಗೆ ಓದಿದವನಿಗೂ ಒಳಗೆ ಓದಿದವನಿಗೂ ಅದು ಒಂದೇ. ಆದರೆ ಬಡಗಿ ಶಾಲೆಯಲ್ಲಿ ಐದು ವರ್ಷ ದುಡಿದವನಿಗೆ ಕಾರಾಗೃಹದ ಅಧೀಕ್ಷಕರೇ ಬರೆದುಕೊಟ್ಟ ಪತ್ರದ ನೆತ್ತಿಯ ಮೇಲೆ ಜೈಲಿನ ಹೆಸರಿರುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವನು ಕೈಗುಣ ನೋಡುವ ಮೊದಲು ಆ ಹೆಸರನ್ನು ನೋಡುತ್ತಾನೆ. ಆದುದರಿಂದ ತರಬೇತಿಗೆ ಸೇರುವಾಗಲೇ, ಕೊನೆಗೆ ಹೊರಗಿನ ಪರೀಕ್ಷಕರು ಬಂದು ಸರಕಾರಿ ಕೌಶಲ ಪ್ರಮಾಣಪತ್ರ ಕೊಡುವರೇ ಎಂದು ಕೇಳಬೇಕು. ಅದು ಇಲ್ಲದೆ ಹೊರಬಂದವನಿಗೂ ದಾರಿ ಉಂಟು. ಮೊದಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಮಾನ್ಯ ಮಾಡುವ ಏರ್ಪಾಟು ಕೇಂದ್ರ ಸರಕಾರದ ಕೌಶಲ ಯೋಜನೆಯಲ್ಲಿದೆ. ಅಲ್ಲಿ ಎಲ್ಲಿ ಕಲಿತೆ ಎಂಬುದಕ್ಕಿಂತ ಉಳಿಯನ್ನೂ ಅಳತೆಪಟ್ಟಿಯನ್ನೂ ಹೇಗೆ ಹಿಡಿಯುವೆ ಎಂಬುದು ಮುಖ್ಯ.

ಕೂಲಿಯ ಲೆಕ್ಕವನ್ನೂ ತಿಳಿದಿರಬೇಕು. ಬಂದಿಯ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಹೇಳಿತು. ಮಹಾರಾಷ್ಟ್ರ 2023ರ ಆಗಸ್ಟಿನಲ್ಲಿ ಏರಿಸಿದ ದರದಂತೆ ಕುಶಲ ಬಂದಿಗೆ ದಿನಕ್ಕೆ 74 ರೂಪಾಯಿ, ಕುಶಲನಲ್ಲದವನಿಗೆ 53. ಅದೇ ವರ್ಷದ ಆರಂಭದಲ್ಲಿ ಕರ್ನಾಟಕ ತನ್ನ ಜೈಲುಗಳಲ್ಲಿ ದಿನಗೂಲಿಯನ್ನು 500 ರೂಪಾಯಿಗೂ ಮೇಲೆ ಒಯ್ದಿತ್ತು. ವರ್ಷಕ್ಕೆ 300 ದಿನ ದುಡಿದರೂ ಇಲ್ಲಿನ ಕುಶಲ ಬಡಗಿಯ ಲೆಕ್ಕಕ್ಕೆ ಬೀಳುವುದು 22,200 ರೂಪಾಯಿ. ಜೈಲಿನ ಕ್ಯಾಂಟೀನಿನ ಖರ್ಚು, ಮನೆಗೆ ಕಳಿಸಿದ್ದು ಕಳೆದರೆ, ಬಿಡುಗಡೆಯ ದಿನ ಒಂದು ಚಿಕ್ಕ ಅಂಗಡಿಯ ಮುಂಗಡಕ್ಕೂ ಸಾಲದೆ ಹೋಗಬಹುದು. ಕೂಡಿಟ್ಟ ಹಣದ ಬಲದಿಂದ ಕಸಬು ಹೂಡುತ್ತೇನೆಂಬ ಲೆಕ್ಕ ಇಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಮೊದಲು ಇನ್ನೊಬ್ಬರ ಕೈಕೆಳಗೆ ದುಡಿಯಬೇಕಾಗುತ್ತದೆ, ಅದಕ್ಕೆ ಹೊರಗಿನವರು ಒಪ್ಪುವ ಕಾಗದ ಬೇಕಾಗುತ್ತದೆ.

ಆ ಕಾಗದ ಹಿಡಿದು ಹೋದಾಗ ಎದುರಾಗುವ ಪ್ರಶ್ನೆ, ನಡುವಿನ ವರ್ಷಗಳಲ್ಲಿ ಎಲ್ಲಿದ್ದೆ ಎಂಬುದು. ಅರ್ಜಿಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿರುತ್ತವೆ: ಶಿಕ್ಷೆಯಾಗಿದೆಯೇ? ಮೊಕದ್ದಮೆ ನಡೆಯುತ್ತಿದೆಯೇ? ವಿಚಾರಣೆಯಲ್ಲಿರುವವನು ಮೊದಲನೆಯದಕ್ಕೆ ಇಲ್ಲವೆಂದೂ ಎರಡನೆಯದಕ್ಕೆ ಹೌದೆಂದೂ ಬರೆಯಬೇಕು. ಮುಚ್ಚಿಡುವುದರ ಅಪಾಯವನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ವಿವರಿಸಿದೆ: ಸರಕಾರಿ ನೌಕರಿಯಲ್ಲಿ ನಿಜ ಹೇಳಿದವನನ್ನೂ ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ, ಆದರೆ ಸುಳ್ಳು ಬರೆದು ಸೇರಿದವನನ್ನು ಆ ಸುಳ್ಳಿಗಾಗಿಯೇ ತೆಗೆದುಹಾಕಬಹುದು. ವಿದ್ಯೆ ಈ ತೊಡಕನ್ನು ಅಳಿಸದು. ಒಳಗಿದ್ದ ವರ್ಷಗಳಲ್ಲಿ ಏನು ಮಾಡಿದೆ ಎಂದು ಕೇಳಿದಾಗ ತೋರಿಸಲು ಒಂದು ಕಾಗದ ಕೊಡುತ್ತದೆ, ಅಷ್ಟೇ.

ಕೊನೆಯದಾಗಿ ಪುಸ್ತಕಗಳ ವಿಷಯ. ಇದು ವಾಚನಾಲಯಕ್ಕೆ ನೇರವಾಗಿ ಸೇರಿದ್ದು. ಪರೀಕ್ಷೆಯ ಹಂಬಲವಿಲ್ಲದವನಿಗೂ ಓದಲು ಪುಸ್ತಕ ಬೇಕು. ಮರಾಠಿ ಹಿಂದಿ ಪುಸ್ತಕಗಳ ನಡುವೆ ಕನ್ನಡ ಪುಸ್ತಕ ಸಿಕ್ಕದವನು ತಿಂಗಳುಗಟ್ಟಲೆ ತನ್ನ ಲಿಪಿಯನ್ನೇ ಕಾಣದೆ ಇರುತ್ತಾನೆ. ಹೊರಗಿನಿಂದ ಹೋಗುವ ಪ್ರತಿ ಪುಸ್ತಕವನ್ನೂ ಜೈಲಿನವರು ಪರೀಕ್ಷಿಸುತ್ತಾರೆ. 2022ರ ಏಪ್ರಿಲಿನಲ್ಲಿ ತಳೋಜಾದ ಒಬ್ಬ ಬಂದಿಗೆ ಪಿ. ಜಿ. ವುಡ್‌ಹೌಸರ ಹಾಸ್ಯದ ಪುಸ್ತಕವನ್ನು ಭದ್ರತೆಗೆ ಅಪಾಯವೆಂದು ಕೊಡಲಿಲ್ಲವೆಂದು ವಕೀಲರು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ತಿಳಿಸಿದಾಗ, ಇದು ನಗೆಗೀಡಾದ ಮಾತೆಂದು ನ್ಯಾಯಪೀಠ ಹೇಳಿತು. ಜಗತ್ತಿಗೆಲ್ಲ ಗೊತ್ತಿರುವ ಹಾಸ್ಯಗಾರನಿಗೇ ಈ ಗತಿಯಾದರೆ, ಪರೀಕ್ಷಿಸುವವರಿಗೆ ಓದಲು ಬಾರದ ಕನ್ನಡ ಪುಸ್ತಕ ಮೇಜಿನ ಮೂಲೆಯಲ್ಲಿ ಉಳಿದರೆ ಆಶ್ಚರ್ಯವೇನು?

ಇದಕ್ಕೆ ಉಪಾಯ ಸರಳವಾದುದು. ಪುಸ್ತಕ ಹೊಸದಾಗಿರಲಿ, ರಟ್ಟಿನ ಹೊದಿಕೆಯದಲ್ಲದೆ ಕಾಗದದ ಹೊದಿಕೆಯದಾಗಿರಲಿ. ಒಳಗೆ ಚೀಟಿ, ಗೆರೆ, ಬರಹ ಯಾವುದೂ ಇರದಿರಲಿ. ಅಂಗಡಿಯ ರಸೀದಿ ಜೊತೆಗಿರಲಿ. ಪುಸ್ತಕದ ಹೆಸರು, ಬರೆದವರ ಹೆಸರು, ವಿಷಯವೇನೆಂಬ ನಾಲ್ಕು ಸಾಲು, ಪಡೆಯುವವನ ಪೂರ್ಣ ಹೆಸರು, ಇವನ್ನು ಮರಾಠಿಯಲ್ಲಿ ಬರೆದ ಅರ್ಜಿಯೊಡನೆ ಅಧೀಕ್ಷಕರ ಹೆಸರಿಗೆ ಒಪ್ಪಿಸಿ, ಅರ್ಜಿಯ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಬೇಕು. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು. ವಕೀಲರು ನ್ಯಾಯಾಲಯದ ಮುಂದೆ ಇಡಬಹುದಾದದ್ದು ಆ ಬರವಣಿಗೆ ಮಾತ್ರ. ಕಚೇರಿಗಳಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರಿಗೆ ಮರಾಠಿ ಅರ್ಜಿ ಬರೆಯುವುದು ಅರ್ಧ ಗಂಟೆಯ ಕೆಲಸ. ಊರಿನಿಂದ ಬಂದು ಜೈಲಿನ ಬಾಗಿಲಲ್ಲಿ ನಿಂತ ತಾಯಿಗೆ ಅದೇ ಅರ್ಜಿ ದಾಟಲಾಗದ ಗೋಡೆ. ಅಂಥವರು ವಾಚನಾಲಯಕ್ಕೆ ಬಂದು ಕೇಳಿದರೆ, ಯಾವ ಮೊಕದ್ದಮೆ ಎಂದು ವಿಚಾರಿಸದೆ ಬರೆದುಕೊಡಿರಿ.